ಮೂರನೇ ಹೆಜ್ಜೆಲಿ ಮುಗ್ಗರಿಸ್ತಿದ್ದ ಹುಡುಗಿ, ಮಣ್ಣಲ್ಲಿ ಸಿಕ್ಕಿದ ಉತ್ತರ

ಸ್ಕೂಲ್ ಮಕ್ಕಳಿಗೆ ನೂರು ಮೀಟರ್ ಓಟ ಕಲಿಸೋಕೆ ಶುರು ಮಾಡಿ ತುಂಬಾ ವರ್ಷ ಆಯ್ತು, ಆದ್ರೆ ಸ್ಟಾರ್ಟ್ ಬಗ್ಗೆ ನನ್ನ ತಲೇಲಿ ಕೂತಿದ್ದ ಒಂದು ದೊಡ್ಡ ತಪ್ಪು ಹೋಗಿದ್ದು ಒಂದೇ ಒಂದು ಬೆಳಗ್ಗೆ. ಆ ತಪ್ಪು ಇನ್ನೂ ಎಷ್ಟೋ ಗ್ರೌಂಡ್‌ಗಳಲ್ಲಿ ಕೇಳಿಸ್ತಿರುತ್ತೆ, ಅದಕ್ಕೇ ಬರೀತಿದೀನಿ.

ಒಂಬತ್ತನೇ ಕ್ಲಾಸಿನ ಹುಡುಗಿ ಒಬ್ಬಳು. ಅರವತ್ತು ಮೀಟರ್ ಆದ್ಮೇಲೆ ಅವಳನ್ನ ಹಿಡಿಯೋರೇ ಇಲ್ಲ, ಆದ್ರೆ ಮೊದಲ ಹತ್ತು ಮೀಟರಲ್ಲೇ ಎಲ್ಲರಿಗಿಂತ ಹಿಂದೆ ಬಿದ್ದಿರ್ತಾಳೆ. ಓಟ ಶುರು ಮಾಡುವಾಗ ಪಾದ ಒತ್ತಿ ತಳ್ಳೋ ಸ್ಟಾರ್ಟಿಂಗ್ ಬ್ಲಾಕ್‌ನಿಂದ ಹೊರಗೆ ಬರ್ತಾಳೆ, ಎರಡನೇ ಹೆಜ್ಜೆ ಹಾಕ್ತಾಳೆ, ಮೂರನೇದಕ್ಕೆ ಮುಗ್ಗರಿಸಿದ ಹಾಗಾಗಿ ಸಟ್ಟನೆ ನೆಟ್ಟಗೆ ನಿಂತುಬಿಡ್ತಾಳೆ, ಆಮೇಲೆ ಓಡ್ತಾಳೆ. ನಾನು ವಾರಗಟ್ಟಲೆ ಹೇಳಿದ್ದು ಎರಡೇ ಮಾತು: "ತಲೆ ತಗ್ಗಿಸು, ಮೊದಲ ಹೆಜ್ಜೆ ದೊಡ್ಡದಾಗಿ ಹಾಕು". ಅವಳೂ ಪಾಪ ಪ್ರತಿ ಸಲ ತಲೆ ತಗ್ಗಿಸೋಳು, ದೊಡ್ಡದಾಗಿ ಹಾಕೋಳು, ಮತ್ತೆ ಮುಗ್ಗರಿಸೋಳು. ಕಾಲಲ್ಲಿ ಶಕ್ತಿ ಸಾಲದು ಅಂತ ನಾನು ತೀರ್ಮಾನ ಮಾಡಿಬಿಟ್ಟಿದ್ದೆ.

ಮೊದಲ ಹತ್ತು ಮೀಟರಿಗೆ ಇಷ್ಟು ತಲೆ ಕೆಡಿಸ್ಕೊಳ್ಳಬೇಕಾ ಅಂತ ಅನ್ನಿಸಬಹುದು. 2009ರಲ್ಲಿ ಬರ್ಲಿನ್‌ನಲ್ಲಿ ಉಸೇನ್ ಬೋಲ್ಟ್ 9.58 ಸೆಕೆಂಡಲ್ಲಿ ಓಡಿದಾಗ ಮೊದಲ ಹತ್ತು ಮೀಟರಿಗೇ 1.89 ಸೆಕೆಂಡ್ ಹೋಗಿತ್ತು. ಅಂದ್ರೆ ದೂರದಲ್ಲಿ ಹತ್ತನೇ ಒಂದು ಭಾಗ, ಟೈಮಲ್ಲಿ ಹತ್ರ ಹತ್ರ ಐದನೇ ಒಂದು ಭಾಗ. ಅಂಥ ಓಟಗಾರನಿಗೇ ಹಾಗಾದ್ರೆ ಮಕ್ಕಳು ಅಲ್ಲಿ ಕಳ್ಕೊಳ್ಳೋದು ಕಮ್ಮಿ ಏನಲ್ಲ.

ಹಿಂದಿನ ರಾತ್ರಿ ಮಳೆ ಬಂದು ಟ್ರ್ಯಾಕ್ ಮಣ್ಣು ಮೆತ್ತಗಾಗಿತ್ತು. ಅವಳು ಎರಡು ಸ್ಟಾರ್ಟ್ ಮಾಡಿ ವಾಪಸ್ ನಡ್ಕೊಂಡು ಬರ್ತಿದ್ದಾಗ ನಾನು ಸುಮ್ನೆ ನೆಲ ನೋಡಿದೆ. ಅವಳ ಮೊದಲ ಹೆಜ್ಜೆ ಗುರುತಲ್ಲಿ ಹಿಮ್ಮಡಿವರೆಗೆ ಪೂರ್ತಿ ಪಾದ ಅಚ್ಚೊತ್ತಿತ್ತು, ಬೆರಳಿನ ಮುಂದೆ ಮಣ್ಣು ಸಣ್ಣ ದಿಬ್ಬದ ಥರ ಮುಂದಕ್ಕೆ ತಳ್ಳಿಸ್ಕೊಂಡಿತ್ತು. ಪಕ್ಕದ ಲೇನ್‌ನಲ್ಲಿ ಚೆನ್ನಾಗಿ ಸ್ಟಾರ್ಟ್ ತಗೊಳ್ಳೋ ಹುಡುಗನ ಗುರುತಲ್ಲಿ ಪಾದದ ಮುಂಭಾಗ ಮಾತ್ರ, ಮಣ್ಣು ಹಿಂದಕ್ಕೆ ಕೆರೆದು ಎಗರಿತ್ತು. ಅಷ್ಟು ನೋಡಿದ್ದೇ ತಡ, ನಂಗೆ ಅರ್ಥ ಆಯ್ತು. ಮಣ್ಣು ಮುಂದಕ್ಕೆ ಹೋಗಿದೆ ಅಂದ್ರೆ ಅವಳ ಕಾಲು ಅವಳನ್ನ ತಳ್ತಾ ಇಲ್ಲ, ಬ್ರೇಕ್ ಹಾಕ್ತಿದೆ.

ಖಚಿತ ಮಾಡ್ಕೊಳ್ಳೋಕೆ ಫೋನನ್ನ ಪಕ್ಕದಲ್ಲಿ ಐದು ಮೀಟರ್ ಗುರುತಿನ ನೇರಕ್ಕೆ ದೂರದಲ್ಲಿಟ್ಟು, ಬ್ಲಾಕೂ ಹತ್ತು ಮೀಟರ್ ಗೆರೆಯೂ ಎರಡೂ ಕಾಣೋ ಹಾಗೆ ಸ್ಲೋ ಮೋಷನ್‌ನಲ್ಲಿ ಶೂಟ್ ಮಾಡಿದೆ. ಮೊದಲ ಪಾದ ನೆಲ ಮುಟ್ಟೋ ಫ್ರೇಮಲ್ಲಿ ನಿಲ್ಲಿಸಿದ್ರೆ, ಪಾದ ಸೊಂಟಕ್ಕಿಂತ ಒಂದು ಗೇಣು ಮುಂದೆ ಬಿದ್ದಿದೆ, ಮೊಣಕಾಲಿಂದ ಪಾದದವರೆಗಿನ ಭಾಗ ಹಿಂದಕ್ಕೆ ವಾಲಿದೆ, ಅಂದ್ರೆ ಮೊಣಕಾಲು ಕಣಕಾಲಿಗಿಂತ ಹಿಂದಿದೆ. ಸರಿಯಾದ ಸ್ಟಾರ್ಟಲ್ಲಿ ಇದು ಉಲ್ಟಾ ಇರ್ಬೇಕು, ಮೊಣಕಾಲು ಮುಂದೆ ವಾಲಿರ್ಬೇಕು, ಪಾದ ಸೊಂಟದ ಕೆಳಗೋ ಸ್ವಲ್ಪ ಹಿಂದೆಯೋ ಬೀಳ್ಬೇಕು, ಆಗ್ಲೇ ನೆಲ ಹಿಂದಕ್ಕೆ ತಳ್ಳೋಕಾಗೋದು. ಪಾದ ಮುಂದೆ ಬಿದ್ರೆ ದೇಹ ಅದರ ಮೇಲೆ ಹತ್ತಿ ಬರ್ಬೇಕು, ಹತ್ತುವಾಗ ಎದೆ ಎದ್ದುಬಿಡುತ್ತೆ, ಎರಡು ಹೆಜ್ಜೆಲಿ ನೆಟ್ಟಗೆ. ಅವಳ ಮುಗ್ಗರಿಕೆ ಮೂರನೇ ಹೆಜ್ಜೆದಲ್ಲ, ಮೊದಲ ಹೆಜ್ಜೆದು. ಮೊದಲ ಹೆಜ್ಜೆ ದೊಡ್ಡದಾಗಿ ಹಾಕು ಅಂತ ಹೇಳಿ ಹೇಳಿ ಆ ಹೆಜ್ಜೆ ಕೆಡಿಸಿದ್ದು ನಾನೇ, ಅದನ್ನ ಅವಳ ಮುಂದೆಯೇ ಒಪ್ಕೊಂಡೆ.

ಆದ್ರೆ ಅವಳು ಯಾಕೆ ಅಷ್ಟು ಮುಂದೆ ಕಾಲು ಚಾಚ್ತಿದ್ಲು ಅನ್ನೋದಕ್ಕೆ ನನ್ನ ಮಾತೊಂದೇ ಕಾರಣ ಅಲ್ಲ. ಅದೇ ವಿಡಿಯೋನ, ಸೆಟ್ ಅಂದಾಗ ಸೊಂಟ ಎತ್ತಿ ಅಲ್ಲಾಡದೆ ಕಾಯೋ ಸೆಟ್ ಪೊಸಿಷನ್‌ಗೆ ಹಿಂದಕ್ಕೆ ಓಡಿಸಿ ನೋಡಿದಾಗ ಸೊಂಟ ಆಕಾಶಕ್ಕೆ ಎದ್ದಿತ್ತು, ಭಾರ ಎಲ್ಲಾ ಕೈ ಮೇಲೆ, ತೋಳು ಸಣ್ಣಗೆ ನಡುಗ್ತಿತ್ತು. ಕೈ ತೆಗೆದ ತಕ್ಷಣ ಅವಳು ತಳ್ಕೊಂಡು ಹೊರಗೆ ಬರ್ತಿರ್ಲಿಲ್ಲ, ಬೀಳ್ತಿದ್ಲು, ಬೀಳೋದನ್ನ ತಡೆಯೋಕೆ ಕಾಲು ಮುಂದೆ ಹೋಗ್ತಿತ್ತು. ಬ್ಲಾಕ್ ಅಳೆದು ನೋಡಿದ್ರೆ ಮುಂದಿನ ಪೆಡಲ್, ಅಂದ್ರೆ ಮುಂದಿನ ಪಾದ ಇಡೋ ಹಲಗೆ, ಸ್ಟಾರ್ಟ್ ಗೆರೆಯಿಂದ ಅವಳ ಶೂನ ಒಂದೂವರೆ ಅಳತೆಗಿತ್ತು. "ಇದು ಯಾರು ಹೇಳಿಕೊಟ್ರು?" ಅಂತ ಕೇಳಿದೆ. "ಅಕ್ಕಂದಿರು ಹೀಗೇ ಇಡ್ತಾರಲ್ಲಾ ಸರ್, ಹತ್ರ ಇದ್ರೆ ಬೇಗ ಹೋಗ್ಬಹುದು ಅಂತಾರೆ" ಅಂದ್ಲು. ಅಷ್ಟು ಹತ್ರ ಇಟ್ರೆ ಮೊಣಕಾಲು ಮಡಚೋಕೆ ಜಾಗ ಇಲ್ದೆ ಸೊಂಟ ಮೇಲೆ ಹೋಗ್ಲೇಬೇಕು.

ನಾವು ಮಾಡಿದ್ದು ಸರಳ. ಮುಂದಿನ ಪೆಡಲ್ ಗೆರೆಯಿಂದ ಎರಡು ಶೂ ಅಳತೆ, ಹಿಂದಿಂದು ಮೂರು ಶೂ ಅಳತೆ. ಅವಳ ಶೂ 24 ಸೆಂಟಿಮೀಟರ್, ಹಾಗಾಗಿ 48 ಮತ್ತೆ 72. ಇದು ಶುರು ಮಾಡೋಕೆ ಒಂದು ಅಳತೆ ಅಷ್ಟೇ, ಕಾಲು ಉದ್ದ ಇರೋ ಮಕ್ಕಳಿಗೆ ಇನ್ನೊಂದು ನಾಲ್ಕೈದು ಸೆಂಟಿಮೀಟರ್ ಹಿಂದೆ ಬೇಕಾಗ್ಬಹುದು. ನಿಜವಾಗಿ ನೋಡ್ಬೇಕಾಗಿದ್ದು ಸೆಟ್ ಅಂದಾಗ ಮೊಣಕಾಲು ಎಷ್ಟು ಮಡಚಿದೆ ಅಂತ. ಮುಂದಿನ ಮೊಣಕಾಲು ಹತ್ರ ಹತ್ರ 90 ಡಿಗ್ರಿ, ಹಿಂದಿಂದು 120ರಿಂದ 130, ಸೊಂಟ ಭುಜಕ್ಕಿಂತ ಸ್ವಲ್ಪ ಮಾತ್ರ ಮೇಲೆ, ಭುಜ ಕೈ ಮೇಲೆ ಅಥವಾ ತುಸು ಮುಂದೆ. ಕುತ್ತಿಗೆ ಬೆನ್ನಿನ ನೇರಕ್ಕೆ ಇದ್ರೆ ಸಾಕು, ಗೆರೆಯಿಂದ ಒಂದು ಮೀಟರ್ ಒಳಗಿನ ನೆಲ ಕಾಣ್ಬೇಕು.

ಇನ್ನೂ ಒಂದು ವಿಷ್ಯ ಇತ್ತು, ಅದು ಕಣ್ಣಿಗೆ ಕಾಣಲ್ಲ. ಹಿಂದಿನ ಕಾಲು ಪೆಡಲ್ ಮೇಲೆ ಸುಮ್ನೆ ಇಟ್ಟಿದೆಯೋ ಒತ್ತಿದೆಯೋ ಅಂತ. ಹಳೇ ನೋಟ್‌ಬುಕ್ಕಿನ ರಟ್ಟಿನ ಒಂದು ತುಂಡನ್ನ ಅವಳ ಹಿಂದಿನ ಶೂ ಮತ್ತೆ ಪೆಡಲ್ ಮಧ್ಯ ಇಟ್ಟು, ಸೆಟ್ ಅಂದ್ಮೇಲೆ ಮೆತ್ತಗೆ ಎಳೆದೆ. ಸಲೀಸಾಗಿ ಈಚೆ ಬಂತು. "ನೋಡು, ಈ ಕಾಲು ಇನ್ನೂ ಕೆಲಸಕ್ಕೇ ಬಂದಿಲ್ಲ" ಅಂದೆ. ಮತ್ತೆ ಸೆಟ್ ಹೇಳಿದೆ, ಈ ಸಲ ಅವಳು ಎರಡೂ ಪಾದದಿಂದ ಪೆಡಲನ್ನ ಹಿಂದಕ್ಕೆ ಒತ್ತಿ ಹಿಡಿದ್ಲು, ರಟ್ಟು ಅಲ್ಲಾಡಲಿಲ್ಲ, ಕೈ ನಡುಕಾನೂ ತಾನಾಗೇ ನಿಂತೋಯ್ತು. ಭಾರ ಕೈಯಿಂದ ಕಾಲಿಗೆ ಬಂದಿತ್ತು. ಬ್ಲಾಕ್ ಜಾರದ ಹಾಗೆ ಮೊಳೆ ಭದ್ರವಾಗಿ ಹೊಡೆದಿರ್ಬೇಕು, ಮಣ್ಣು ಮೆತ್ತಗಿದ್ರೆ ಇನ್ನೊಬ್ಬರು ಹಿಂದೆ ಪಾದ ಒತ್ತಿ ಹಿಡೀಬೇಕು, ಒಂದು ಸಲ ಜಾರಿದ್ರೆ ಮಗು ಮತ್ತೆ ನಂಬಿ ತಳ್ಳಲ್ಲ.

ಇಷ್ಟು ಸರಿ ಮಾಡಿ ತಕ್ಷಣ ಗನ್ ಸ್ಟಾರ್ಟ್ ಮಾಡಿಸಿದ್ರೆ ಹಳೇ ಅಭ್ಯಾಸ ವಾಪಸ್ ಬರುತ್ತೆ ಅಂತ ಗೊತ್ತಿತ್ತು, ಅದಕ್ಕೆ ಬ್ಲಾಕ್ ಬಿಟ್ಟು ಎರಡು ಡ್ರಿಲ್ ಮಾತ್ರ ಮಾಡಿಸಿದೆ. ಒಂದು ಫಾಲಿಂಗ್ ಸ್ಟಾರ್ಟ್. ಒಂದು ಪಾದ ಮುಂದೆ ಒಂದು ಹಿಂದೆ ಇಟ್ಟು ನಿಂತು, ಸೊಂಟ ಮುರೀದೆ ಕಣಕಾಲಿಂದಲೇ ಇಡೀ ದೇಹ ಮುಂದಕ್ಕೆ ವಾಲಿಸೋದು, ಇನ್ನೇನು ಬೀಳ್ತೀನಿ ಅನ್ನೋ ಹೊತ್ತಿಗೆ ಹತ್ತು ಮೀಟರ್ ಓಡೋದು. ಮಕ್ಕಳು ಸೊಂಟದಲ್ಲಿ ಬಗ್ಗಿ ವಾಲಿದೀವಿ ಅಂದ್ಕೋತಾರೆ, ಪಕ್ಕದಿಂದ ನೋಡಿದ್ರೆ ಅಂಡು ಹಿಂದೆ ಉಳಿದಿರುತ್ತೆ, ಅದನ್ನ ಬಿಡಬಾರದು. ಇನ್ನೊಂದು, ಪುಷ್ ಅಪ್ ಹೊಡೆಯೋರ ಥರ ಎದೆ ನೆಲಕ್ಕೆ ಹಚ್ಚಿ ಮಲಗಿ, ಚಪ್ಪಾಳೆ ಕೇಳಿದ ತಕ್ಷಣ ಎದ್ದು ಓಡೋದು. ಇದರಲ್ಲಿ ಕಾಲು ಮುಂದೆ ಚಾಚೋಕೆ ಪುರುಸೊತ್ತೇ ಸಿಗಲ್ಲ, ಪಾದ ನೆಲದ ಹತ್ತಿರದಲ್ಲೇ ಮುಂದೆ ಬಂದು ಹಿಂದಕ್ಕೆ ತಳ್ಳುತ್ತೆ, ನಾನು ಏನೂ ಹೇಳ್ಬೇಕಾಗೇ ಇಲ್ಲ. ನಾಲ್ಕು ನಾಲ್ಕು ಸಲ ಅಷ್ಟೇ, ಪ್ರತಿ ಓಟದ ಮಧ್ಯ ಎರಡು ನಿಮಿಷ ಪೂರ್ತಿ ರೆಸ್ಟ್. ರೆಸ್ಟ್ ಕಮ್ಮಿ ಮಾಡಿ ಹತ್ತಿಪ್ಪತ್ತು ಸ್ಟಾರ್ಟ್ ಹೊಡೆಸೋದು ನಂಗೆ ಇಷ್ಟ ಇಲ್ಲ, ಸುಸ್ತಾದ ಕಾಲು ತಪ್ಪು ಹೆಜ್ಜೆನೇ ಕಲಿಯುತ್ತೆ.

ಮತ್ತೆ ಬ್ಲಾಕಿಗೆ ಬಂದಾಗ ಹೇಳಿದ್ದು ಒಂದೇ ಮಾತು, "ಪೆಡಲನ್ನ ಹಿಂದಕ್ಕೆ ಒದ್ದು ಹೋಗು". ತಲೆ ತಗ್ಗಿಸು ಅನ್ಲಿಲ್ಲ. ತಗ್ಗಾಗಿ ಓಡೋದನ್ನ ಬೇರೆಯಾಗಿ ಕಲಿಸ್ಬೇಕು ಅಂತಾನೇ ನಾನು ಅಂದ್ಕೊಂಡಿದ್ದೆ, ಆದ್ರೆ ಜೋರಾಗಿ ಹಿಂದಕ್ಕೆ ತಳ್ಳಿದ್ರೆ ದೇಹ ತಾನೇ ವಾಲಿರುತ್ತೆ, ತಳ್ಳದೆ ತಲೆ ಮಾತ್ರ ತಗ್ಗಿಸಿದ್ರೆ ಮುಗ್ಗರಿಸೋದೇ. ಟಿವೀಲಿ ಕಾಣೋ ದೊಡ್ಡ ಓಟಗಾರರಷ್ಟು ತಗ್ಗಾಗಿ ಇಪ್ಪತ್ತು ಮೀಟರ್ ಹೋಗೋಕೆ ಹದಿನಾಲ್ಕು ವರ್ಷದ ಮಗುವಿಗೆ ಶಕ್ತಿನೂ ಇರಲ್ಲ. ಏಳೆಂಟು ಹೆಜ್ಜೆಲಿ ನಿಧಾನವಾಗಿ ಎದ್ರೆ ಅವಳಿಗೆ ಅದೇ ಸರಿ.

ಮೂರು ಸ್ಟಾರ್ಟ್ ಮಾಡಿದ್ಲು. ಮೊದಲನೇದರಲ್ಲಿ ಸೆಟ್ ಅಂದ್ಮೇಲೆ ಚಪ್ಪಾಳೆಗೆ ಮುಂಚೆನೇ ಅಲ್ಲಾಡಿದ್ಲು, ಕಾಲು ಒತ್ತಿ ಹಿಡಿಯೋದು ಹೊಸದಾದಾಗ ಹೀಗಾಗುತ್ತೆ. 2010ರಿಂದ ದೊಡ್ಡ ಮೀಟ್‌ಗಳಲ್ಲಿ ಒಂದೇ ಫಾಲ್ಸ್ ಸ್ಟಾರ್ಟ್‌ಗೆ ಹೊರಗೆ ಹಾಕ್ತಾರೆ, 2011ರಲ್ಲಿ ದಕ್ಷಿಣ ಕೊರಿಯಾದ ಡೇಗುನಲ್ಲಿ ಬೋಲ್ಟೇ ಹಾಗೆ ಹೊರಗೆ ಹೋಗಿದ್ದು. ಅದಕ್ಕೆ ನಾನು ಸೆಟ್ ಆದ್ಮೇಲೆ ಕಾಯೋ ಹೊತ್ತನ್ನ ಒಂದೊಂದ್ಸಲ ಒಂದೊಂದು ಥರ ಮಾಡಿದೆ, ಅವಳು ಅಂದಾಜು ಹಾಕೋದು ಬಿಟ್ಟು ಶಬ್ದ ಕೇಳಿ ಹೋಗ್ಲಿ ಅಂತ.

"ಸರ್, ಇದು ನಿಧಾನ ಅನ್ಸುತ್ತೆ" ಅಂದ್ಲು ಎರಡನೇದು ಮುಗಿಸಿ. ಮುಂಚೆ ಕಾಲು ಪಟಪಟ ಅಂತ ಬೀಳ್ತಿತ್ತು, ಈಗ ಒಂದೊಂದು ಹೆಜ್ಜೆಗೂ ನೆಲಾನ ತಳ್ಳೋಕೆ ಸ್ವಲ್ಪ ಹೊತ್ತು ಹಿಡೀತಿದೆ, ಅದಕ್ಕೆ ಹಾಗನ್ಸಿದ್ದು. ಫೋನ್ ಜಾಗ ಬದಲಾಯಿಸದೆ ಶೂಟ್ ಮಾಡಿದ್ದರಿಂದ ಹೋಲಿಸೋಕಾಯ್ತು, ಗೆರೆಯಿಂದ ಕೈ ಎದ್ದ ಫ್ರೇಮಿಂದ ಎದೆ ಹತ್ತು ಮೀಟರ್ ದಾಟೋವರೆಗೆ ಮುಂಚೆ 2.21 ಸೆಕೆಂಡ್, ಈಗ 2.12. ಸ್ಟಾಪ್‌ವಾಚ್ ಕೈಲಿ ಹಿಡಿದು ನೋಡಿದ್ರೆ ಇಷ್ಟು ಸಣ್ಣ ವ್ಯತ್ಯಾಸ ನಂಬೋಕಾಗಲ್ಲ, ಬೆರಳಿನ ತಪ್ಪೇ ಅಷ್ಟಿರುತ್ತೆ.

ನಾನು ವಿಡಿಯೋ ತೋರಿಸೋಕೆ ಮುಂಚೆನೇ ಅವಳು ಗೆರೆ ಹತ್ರ ಹೋಗಿ ಕೂತಿದ್ಲು. ಹಳೇ ಗುರುತು ಗೆರೆಯಿಂದ ಮೂರೂಕಾಲು ಶೂ ದೂರ, ಹೊಸದು ಎರಡೂಕಾಲು, ತನ್ನ ಶೂ ಬಿಚ್ಚಿ ತಾನೇ ಅಳೆದ್ಲು. ಹೊಸ ಗುರುತಲ್ಲಿ ಹಿಮ್ಮಡಿ ಇರ್ಲಿಲ್ಲ, ಮಣ್ಣು ಹಿಂದಕ್ಕೆ ಕೆರೆದಿತ್ತು, ಅದಕ್ಕೂ ಹಿಂದೆ ಬೆರಳ ತುದಿ ನೆಲ ಸವರಿಕೊಂಡು ಬಂದಿದ್ದ ಸಣ್ಣ ಗೀರು. ಹಾಗೇ ಒಂದೊಂದೇ ಗುರುತು ನೋಡ್ತಾ ಮುಂದೆ ಹೋಗಿ ಐದನೇದರ ಹತ್ರ ನಿಂತ್ಲು. "ಸರ್, ಇಲ್ಲಿ ಮತ್ತೆ ಹಿಮ್ಮಡಿ ಬಂದಿದೆ." ನೋಡಿದ್ರೆ ಹೌದು, ಅಲ್ಲಿ ಅವಳು ಮುಂದಿನ ಗೆರೆ ನೋಡೋಕೆ ಗದ್ದ ಎತ್ತಿದ್ಲು. ಅದನ್ನ ಅವತ್ತು ಮುಟ್ಟಲಿಲ್ಲ, ಎರಡು ದಿನ ಬಿಟ್ಟು ಬರೋ ಪ್ರಾಕ್ಟೀಸಿಗೆ ಇಟ್ಕೊಂಡ್ವಿ.