ಊಹೆಯ ಚೌಕವನ್ನು ನಾನು ತಿದ್ದಿಸುವುದಿಲ್ಲ

"ಅಯಸ್ಕಾಂತದ ಹಾಳೆಯಲ್ಲಿ ಊಹೆಯ ಚೌಕಗಳನ್ನು ಮಗು ತಪ್ಪು ತುಂಬಿದೆ. ನೀವು ತಿದ್ದಿಸಲೇ ಇಲ್ಲವಲ್ಲ ಟೀಚರ್, ಏಕೆ?"

ತಿದ್ದಿಸಿದರೆ ನನಗೆ ಬೇಕಾದದ್ದೇ ಅಳಿಸಿಹೋಗುತ್ತದೆ. ಅದನ್ನು ಕಳೆದ ವರ್ಷದ ಒಬ್ಬಳು ಹುಡುಗಿಯ ಹಾಳೆಯಿಂದಲೇ ವಿವರಿಸುತ್ತೇನೆ.

ಎರಡನೇ ತರಗತಿಗೆ ನಾನು ಮಾಡುವ ಹಾಳೆ ಒಂದೇ ಪುಟದ್ದು. ಎಡಗಡೆ ಎಂಟು ವಸ್ತುಗಳ ಚಿತ್ರ, ಪ್ರತಿಯೊಂದರ ಮುಂದೆ ಎರಡು ಚೌಕ. ಮೊದಲನೆಯದರ ಮೇಲೆ "ನನ್ನ ಊಹೆ", ಎರಡನೆಯದರ ಮೇಲೆ "ನಾನು ನೋಡಿದ್ದು" ಎಂದಿರುತ್ತದೆ. ಅಂಟುವುದಕ್ಕೆ ಸರಿ ಗುರುತು, ಅಂಟದ್ದಕ್ಕೆ ಅಡ್ಡ ಗೆರೆ. ಬರೆಯಲು ತಡವರಿಸುವ ಮಗುವಿಗೂ ಇಷ್ಟು ಸಾಕು. "ಅಂಟುತ್ತದೆ" ಎಂದರೆ ಕೆಲವು ಮಕ್ಕಳಿಗೆ ಗೋಂದಿನ ನೆನಪಾಗುತ್ತದೆ. ಹಾಗಾಗಿ ಮೊದಲೇ ಒಂದು ಮೊಳೆಯನ್ನು ಅಯಸ್ಕಾಂತದ ಹತ್ತಿರ ಇಟ್ಟು, ಅದು ತಾನೇ ಜಿಗಿದು ಹಿಡಿದುಕೊಳ್ಳುವುದನ್ನು ತೋರಿಸಿ, "ನಾವು ಅಂಟುವುದು ಎನ್ನುವುದು ಇದಕ್ಕೆ" ಎಂದು ಹೇಳುತ್ತೇನೆ.

ಎಂಟು ವಸ್ತುಗಳು ಇವು: ಕಬ್ಬಿಣದ ಮೊಳೆ, ಸೇಫ್ಟಿ ಪಿನ್, ಬೆಳ್ಳಿ ಬಣ್ಣದ ಒಂದು ರೂಪಾಯಿ ನಾಣ್ಯ, ಅಲ್ಯೂಮಿನಿಯಂ ಫಾಯಿಲ್‌ನ ಉಂಡೆ, ತಾಮ್ರದ ತಂತಿ, ಸ್ಟೀಲ್ ಚಮಚ, ಅಳಿಸುವ ರಬ್ಬರ್, ಪ್ಲಾಸ್ಟಿಕ್ ಹೊದಿಕೆಯ ಕೆಂಪು ಪೇಪರ್ ಕ್ಲಿಪ್. ಆ ಹುಡುಗಿ ಮೊಳೆ, ಪಿನ್, ನಾಣ್ಯ, ಫಾಯಿಲ್, ತಂತಿ, ಚಮಚ ಆರಕ್ಕೂ ಸರಿ ಗುರುತು ಹಾಕಿದ್ದಳು. ರಬ್ಬರ್ ಮತ್ತು ಕ್ಲಿಪ್‌ಗೆ ಅಡ್ಡ ಗೆರೆ. ಪರೀಕ್ಷೆ ಮಾಡಿದಾಗ ಫಾಯಿಲ್, ತಂತಿ, ಚಮಚ ಮೂರೂ ಅಂಟಲಿಲ್ಲ, ಕೆಂಪು ಕ್ಲಿಪ್ ಟಕ್ಕನೆ ಅಂಟಿತು. ಲೆಕ್ಕಕ್ಕೆ ನಾಲ್ಕು ತಪ್ಪು. ಆದರೆ ಆ ಕಾಲಮ್ಮನ್ನು ಮೇಲಿನಿಂದ ಕೆಳಗೆ ಒಮ್ಮೆ ಓದಿನೋಡಿ. ಅಲ್ಲಿ ನಾಲ್ಕು ತಪ್ಪುಗಳಿಲ್ಲ, ಒಂದೇ ಒಂದು ನಂಬಿಕೆಯಿದೆ: ಹೊಳೆಯುವುದೆಲ್ಲ ಅಂಟುತ್ತದೆ, ಹೊಳೆಯದ್ದು ಅಂಟುವುದಿಲ್ಲ. ಅವಳು ಕಣ್ಣುಮುಚ್ಚಿ ಗುರುತು ಹಾಕಿರಲಿಲ್ಲ. ಯೋಚಿಸಿ, ತನ್ನದೇ ನಿಯಮವನ್ನು ಎಂಟು ಕಡೆಯೂ ಬಿಡದೆ ಪಾಲಿಸಿದ್ದಳು. ಅವಳ ಸರಿ ಉತ್ತರಗಳೂ ಅದೇ ನಿಯಮದಿಂದಲೇ ಬಂದವು. ಚೌಕಗಳನ್ನು ತಿದ್ದಿಸಿದ್ದರೆ ಎಂಟಕ್ಕೆ ಎಂಟು ಸಿಗುತ್ತಿತ್ತು, ಆ ನಿಯಮ ಮಾತ್ರ ಯಾರಿಗೂ ಕಾಣದೆ ಅವಳ ತಲೆಯಲ್ಲೇ ಉಳಿಯುತ್ತಿತ್ತು.

ವಸ್ತುಗಳನ್ನು ಆರಿಸುವಾಗ ನನ್ನ ಗಮನವೆಲ್ಲ ಈ ನಿಯಮದ ಮೇಲೆಯೇ ಇರುತ್ತದೆ. ಮೊಳೆ, ಪಿನ್, ರಬ್ಬರ್, ಮರದ ತುಂಡು, ಕಾಗದ ಎಂದು ಹಾಳೆ ಮಾಡಿದರೆ ಎಲ್ಲರಿಗೂ ಎಲ್ಲವೂ ಸರಿ ಬರುತ್ತದೆ, "ಲೋಹವೆಲ್ಲ ಅಂಟುತ್ತದೆ" ಎಂಬ ತಪ್ಪು ತಿಳಿವಳಿಕೆ ಇನ್ನಷ್ಟು ಗಟ್ಟಿಯಾಗುತ್ತದೆ. ತಾಮ್ರವೂ ಅಲ್ಯೂಮಿನಿಯಮ್ಮೂ ಹಾಳೆಯಲ್ಲಿ ಇರಲೇಬೇಕು. ಕೆಂಪು ಕ್ಲಿಪ್ ಅದರ ಇನ್ನೊಂದು ಮಗ್ಗುಲು: ಒಳಗಿನ ಉಕ್ಕಿನ ತಂತಿಯನ್ನು ಪ್ಲಾಸ್ಟಿಕ್ ಮುಚ್ಚಿದೆ, ಅಯಸ್ಕಾಂತದ ಸೆಳೆತ ಆ ತೆಳುವಾದ ಹೊದಿಕೆಯನ್ನು ದಾಟಿಹೋಗುತ್ತದೆ. ಹಿಂದಿನ ದಿನವೇ ಎಲ್ಲವನ್ನೂ ನಾನೇ ಪರೀಕ್ಷಿಸಿ ನೋಡುತ್ತೇನೆ, ಏಕೆಂದರೆ ಬಣ್ಣ ನಂಬಿಕೆಗೆ ಅರ್ಹವಲ್ಲ. ಹಿತ್ತಾಳೆಯೆಂದು ಅಂಗಡಿಯಿಂದ ತಂದ ಕೊಕ್ಕೆ ಎಷ್ಟೋ ಸಲ ಹಿತ್ತಾಳೆಯ ಲೇಪವಿರುವ ಕಬ್ಬಿಣವೇ ಆಗಿರುತ್ತದೆ. ನಾಣ್ಯಗಳೂ ಹಾಗೆಯೇ. ಈಗಿನ ಒಂದು ರೂಪಾಯಿ ಅಂಟುತ್ತದೆ, ಹಳೆಯ ದಪ್ಪ ಐದು ರೂಪಾಯಿ ಅಂಟುವುದಿಲ್ಲ. ಅದು ತಾಮ್ರ ಮತ್ತು ನಿಕಲ್ ಬೆರೆಸಿ ಮಾಡಿದ್ದು.

ಎಲ್ಲಕ್ಕಿಂತ ಹೆಚ್ಚು ಮಾತು ಹುಟ್ಟಿಸುವುದು ಚಮಚ. ಸ್ಟೀಲ್ ಪಾತ್ರೆಯಲ್ಲಿ ಬಹುಪಾಲು ಕಬ್ಬಿಣವೇ ಇರುತ್ತದೆ, ಆದರೂ ನಮ್ಮ ಅಡುಗೆಮನೆಯ ಬಹಳಷ್ಟು ಲೋಟ, ತಟ್ಟೆಗಳನ್ನು ಅಯಸ್ಕಾಂತ ಹಿಡಿಯುವುದಿಲ್ಲ. ಅವುಗಳಿಗೆ ಕ್ರೋಮಿಯಂ ಜೊತೆಗೆ ನಿಕಲ್ ಅಥವಾ ಮ್ಯಾಂಗನೀಸ್ ಬೆರೆಸಿರುತ್ತಾರೆ. ಆಗ ಒಳಗಿನ ಕಬ್ಬಿಣದ ಕಣಗಳ ಜೋಡಣೆಯೇ ಬೇರೆಯಾಗುತ್ತದೆ, ಸೆಳೆತಕ್ಕೆ ಅವು ಒಗ್ಗುವುದಿಲ್ಲ. ನಿಕಲ್ಲನ್ನಾಗಲಿ ಮ್ಯಾಂಗನೀಸನ್ನಾಗಲಿ ಹೀಗೆ ಬೆರೆಸದ ಅಗ್ಗದ ಸ್ಟೀಲ್ ಚಮಚವೊಂದು ಬುಟ್ಟಿಯೊಳಗೆ ಸೇರಿಬಿಟ್ಟರೆ ಅದು ಗಟ್ಟಿಯಾಗಿ ಅಂಟುತ್ತದೆ, ಒಂದು ಗುಂಪು ಸರಿ ಗುರುತು ಹಾಕುತ್ತದೆ, ಪಕ್ಕದ ಗುಂಪು ಅಡ್ಡ ಗೆರೆ ಎಳೆಯುತ್ತದೆ. ಎರಡೂ ಸರಿಯೇ. ಏಳು ವರ್ಷದ ಮಕ್ಕಳಿಗೆ ಇಷ್ಟೆಲ್ಲ ಹೇಳುವುದಿಲ್ಲ. "ಸ್ಟೀಲ್‌ನಲ್ಲಿ ಹಲವು ಜಾತಿಗಳಿವೆ, ನಿಮ್ಮ ಚಮಚವನ್ನು ನೀವೇ ಕೇಳಿ" ಎನ್ನುತ್ತೇನೆ.

ಅದೇ ಹುಡುಗಿ ಚಮಚದ ಬಟ್ಟಲಿಗೆ ಅಯಸ್ಕಾಂತ ಹಿಡಿದಳು, ಏನೂ ಆಗಲಿಲ್ಲ. ಹಿಡಿಯ ಬಾಗಿದ ಕುತ್ತಿಗೆಯ ಹತ್ತಿರ ತಂದಾಗ ಮೆಲ್ಲಗೆ ಎಳೆದಂತಾಯಿತು. "ಟೀಚರ್, ಇಲ್ಲಿ ಸ್ವಲ್ಪ ಹಿಡಿಯುತ್ತಿದೆ" ಎಂದಳು. ನಾನೂ ಹಿಡಿದು ನೋಡಿದೆ, ನಿಜ. ಇಂಥ ಸ್ಟೀಲನ್ನು ಒತ್ತಿ ಬಗ್ಗಿಸಿದ ಜಾಗದಲ್ಲಿ ಅದರ ಒಳಜೋಡಣೆ ಕೊಂಚ ಬದಲಾಗಿ ಸಣ್ಣ ಸೆಳೆತ ಬರುವುದುಂಟು. ಅವಳ ಎರಡನೇ ಚೌಕದಲ್ಲಿ ಅಡ್ಡ ಗೆರೆಯ ಪಕ್ಕ ಪುಟ್ಟದೊಂದು ಸರಿ ಗುರುತೂ ಇದೆ. ಅದನ್ನೂ ನಾನು ತಿದ್ದಿಸಲಿಲ್ಲ.

ಊಹೆ ಊಹೆಯಾಗಿಯೇ ಉಳಿಯಬೇಕಾದರೆ ಕ್ರಮ ಮುಖ್ಯ. ಮೊದಲ ವರ್ಷ ಹಾಳೆಯನ್ನೂ ಅಯಸ್ಕಾಂತವನ್ನೂ ಒಟ್ಟಿಗೆ ಕೊಟ್ಟುಬಿಟ್ಟೆ. ಸಂಜೆ ನೋಡಿದರೆ ಇಡೀ ತರಗತಿಯ ಎರಡೂ ಕಾಲಮ್ಮುಗಳು ಒಂದೇ ಥರ, ಊಹೆಯ ಚೌಕಗಳಲ್ಲಿ ರಬ್ಬರ್ ಉಜ್ಜಿದ ಕಲೆ. ಮಕ್ಕಳು ಮೊದಲು ಅಂಟಿಸಿ ನೋಡಿ, ಆಮೇಲೆ "ಊಹಿಸಿದ್ದರು". ಅದು ಅವರ ಕಳ್ಳತನವಲ್ಲ. ಚೌಕ ಕಂಡರೆ ಸರಿ ಉತ್ತರ ತುಂಬಬೇಕು ಎಂದು ನಾವೇ ಕಲಿಸಿದ್ದೇವೆ. ಈಗ ಎರಡನೇ ಕಾಲಮ್ಮನ್ನು ಹಿಂದಕ್ಕೆ ಮಡಚಿದ ಹಾಳೆಯನ್ನು ಕೊಡುತ್ತೇನೆ. ವಸ್ತುಗಳನ್ನು ಮುಟ್ಟಬಹುದು, ತೂಗಬಹುದು, ಅಯಸ್ಕಾಂತ ಮಾತ್ರ ನನ್ನ ಮೇಜಿನ ಮೇಲಿರುತ್ತದೆ. ಊಹೆಯನ್ನು ನೀಲಿ ಕ್ರೇಯಾನ್‌ನಿಂದ ಹಾಕಬೇಕು, ಅದು ಸುಲಭಕ್ಕೆ ಅಳಿಯುವುದಿಲ್ಲ. ಗುಂಪಿನ ಎಲ್ಲರ ಎಂಟೂ ಚೌಕ ತುಂಬಿದ ಮೇಲೆಯೇ ಅಯಸ್ಕಾಂತ ಕೈಗೆ, ಮಡಿಕೆ ಬಿಚ್ಚುವುದೂ ಆಗಲೇ.

ಮನೆಯಲ್ಲಿ ಮಾಡಿಸುವವರಿಗೆ ಅಯಸ್ಕಾಂತದ ಬಗ್ಗೆ ಒಂದು ಮಾತು. ಫ್ರಿಜ್‌ಗೆ ಅಂಟಿಸುವ ತೆಳು ಸ್ಟಿಕರ್ ಬೇಡ. ಅದರ ಸೆಳೆತ ಎಷ್ಟು ಕಡಿಮೆಯೆಂದರೆ ಕೆಲವೊಮ್ಮೆ ನಾಣ್ಯವನ್ನೂ ಎತ್ತದೆ ಮಗುವಿಗೆ ತಪ್ಪು ಉತ್ತರ ಕೊಡುತ್ತದೆ. ಬೆಳ್ಳಿಯಂತೆ ಹೊಳೆಯುವ ಗುಂಡಿ ಗಾತ್ರದ, ಅತಿ ಬಲವಾದ ಅಯಸ್ಕಾಂತಗಳಂತೂ ಬೇಡವೇ ಬೇಡ. ಅಂಥವು ಎರಡು ಹೊಟ್ಟೆಗೆ ಹೋದರೆ ಕರುಳಿನ ಪದರಗಳನ್ನು ನಡುವೆ ಹಿಡಿದುಕೊಂಡು ತೂತು ಮಾಡುತ್ತವೆ, ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು. ಹಳೆಯ ಸ್ಪೀಕರ್‌ನ ಕಪ್ಪು ಉಂಗುರದಂಥ ದೊಡ್ಡ ಅಯಸ್ಕಾಂತ ಸಾಕು.

ಹಾಳೆಯ ಕೊನೆಯಲ್ಲಿ ಒಂಬತ್ತನೆಯ ಸಾಲು ಖಾಲಿ ಇರುತ್ತದೆ, ಮಗು ತನಗೆ ಬೇಕಾದ ವಸ್ತುವನ್ನು ಬರೆಯಲೆಂದು. ನಾನು ಮೊದಲು ತೆರೆದು ನೋಡುವುದು ಅದನ್ನೇ. ಆ ಹುಡುಗಿ ಅಲ್ಲಿ ತನ್ನ ನೋಟ್‌ಬುಕ್ಕಿನ ಚಿತ್ರ ಬರೆದಿದ್ದಳು. ಊಹೆಯ ಚೌಕದಲ್ಲಿ ನೀಲಿ ಅಡ್ಡ ಗೆರೆ. ಎರಡನೇ ಚೌಕದಲ್ಲಿಯೂ ಮೊದಲು ಅಡ್ಡ ಗೆರೆಯೇ ಇತ್ತು. ಆಮೇಲೆ ಪುಸ್ತಕದ ಬೆನ್ನಿನಲ್ಲಿ ಎರಡು ಚುಕ್ಕಿ ಇಟ್ಟು, ಅವುಗಳ ಸುತ್ತ ಸೊನ್ನೆ ಸುತ್ತಿ, "ಪಿನ್ ಹೊಡೆದಲ್ಲಿ ಮಾತ್ರ" ಎಂದು ಬರೆದಿದ್ದಳು.