ಅತ್ತೆ-ಮಾವಂಗೆ ಏನಂತ ಬರೀಲಿ?

"ಹಬ್ಬಕ್ಕೆ ಹೋದಾಗ ಅತ್ತೆ-ಮಾವಂಗೆ ಬೇಜಾರಾಗೋ ಹಾಗೆ ಏನೋ ಮಾಡ್ಬಿಟ್ಟೆ, ಬೇಕಂತ ಮಾಡಿದ್ದಲ್ಲ. ನೀನು ನಿನ್ನ ಮಾವಂಗೆ ಕ್ಷಮೆ ಕೇಳಿ ಬರೆದಿದ್ಯಲ್ಲ, ನಂಗೂ ಒಂದು ಮೆಸೇಜ್ ಬರ್ಕೊಡು" ಅಂತ ಫೋನ್ ಮಾಡಿ ಕೇಳ್ತಾರೆ.

ಬರ್ಕೊಡಲ್ಲ. ಆ "ಏನೋ" ಅನ್ನೋ ಶಬ್ದ ಕೇಳಿದ್ರೇ ಸಿಟ್ಟು ಬರ್ತದೆ ನಂಗೆ. ಏನು ಮಾಡಿದೆ ಅಂತ ನಿಂಗೇ ಗೊತ್ತಿಲ್ಲ ಅಂದ್ಮೇಲೆ ಯಾವುದಕ್ಕೆ ಕ್ಷಮೆ ಕೇಳ್ತೀಯ? ಬೇಕಂತ ಮಾಡಿದ್ದಲ್ಲ ಅನ್ನೋದು ಅವರಿಗೂ ಗೊತ್ತು ಮಾರಾಯಾ, ಬೇಕಂತ ಮಾಡಿದ್ರೆ ಅವರು ಬೇಜಾರು ಮಾಡ್ಕೊಂಡು ಕೂರ್ತಿರ್ಲಿಲ್ಲ, ಜಗಳಾನೇ ಆಡ್ತಿದ್ರು.

ನಂದೇ ಕತೆ ಹೇಳ್ತೀನಿ, ಒಂದೇ ಸಲ, ಇನ್ಮೇಲೆ ಫೋನ್ ಮಾಡಿ ಕೇಳ್ಬೇಡಿ.

ನಾನು ಕಾರವಾರದವ, ಮೀನು ತಿನ್ನೋ ಮನೆ. ಹೆಂಡತಿ ಶಿರಸಿ ಕಡೆ ಹವ್ಯಕರ ಮನೆ ಹುಡುಗಿ. ಮದುವೆ ಆದ್ಮೇಲೆ ಮೊದಲ ದೀಪಾವಳಿ, ಪಾಡ್ಯದ ದಿನ. ಬೆಳಿಗ್ಗೆ ಗೋಪೂಜೆ ಆಯ್ತು, ದನಗಳ ಕೊರಳಿಗೆ ಅಡಿಕೆ ಸರ, ಚೆಂಡುಹೂವು ಎಲ್ಲ ಕಟ್ಟಿದ್ವಿ, ನಾನೂ ಒಂದು ಕರುವಿಗೆ ಕಟ್ಟಿದೆ. ಮಧ್ಯಾಹ್ನ ಜಗಲಿ ಮೇಲೆ ಬಾಳೆ ಹಾಕಿ ಇಪ್ಪತ್ತು ಜನರ ಪಂಕ್ತಿ. ಮೇಲಿಂದ ಹೆಂಡತಿ ಅಜ್ಜ, ಎಂಬತ್ತು ದಾಟಿದವರು, ಅವರ ಪಕ್ಕ ಮಾವ, ಮಾವನ ಪಕ್ಕ ನಾನು. ಅನ್ನ ಆಗಿ ಹೋಳಿಗೆ ಬಡಿಸ್ತಿದ್ರು, ತುಪ್ಪ ಹಿಂದಿಂದ ಬರ್ತಿತ್ತು. ಅಷ್ಟೊತ್ತಿಗೆ ಡ್ಯೂಟಿ ಕಡೆಯಿಂದ ಫೋನು. ಎಡಗೈಲಿ ಎತ್ತಿ "ಒಂದ್ನಿಮಿಷ" ಅಂತ ಎದ್ದು ಅಂಗಳಕ್ಕೆ ಹೋದೆ. ವಾಪಸ್ ಬಂದಾಗ ಅಜ್ಜ ಎದ್ದಿದ್ರು, ಮಾವ ಕೈ ತೊಳೀತಿದ್ರು. ಅಜ್ಜನ ಬಾಳೆ ಮೇಲೆ ಮುರಿಯದ ಹೋಳಿಗೆ ಹಾಗೇ ಇತ್ತು, ಮೇಲೆ ತುಪ್ಪ ಗಟ್ಟಿಯಾಗ್ತಿತ್ತು. ಭಾವ ಮಜ್ಜಿಗೆ ಪಾತ್ರೆ ಹಿಡ್ಕೊಂಡು ಯಾರಿಗೆ ಬಡಿಸೋದು ಗೊತ್ತಾಗದೆ ನಿಂತಿದ್ದ. ಯಾರೂ ಒಂದು ಮಾತು ಆಡ್ಲಿಲ್ಲ. ಅವರ ಊಟ ಮುಗೀತು ಅಂದ್ಕೊಂಡೆ ನಾನು.

ಕಾರವಾರಕ್ಕೆ ಬಂದ್ಮೇಲೆ ಹೆಂಡತಿ "ಅಪ್ಪಂಗೆ ಬೇಜಾರಾಗಿದೆ" ಅಂದ್ಳು, ಅದಕ್ಕಿಂತ ಜಾಸ್ತಿ ಹೇಳೋಕೆ ಅವಳಿಗೂ ಮನಸ್ಸಿಲ್ಲ. ನಾನು ಅವತ್ತೇ ವಾಟ್ಸಾಪ್ ಹಾಕಿದೆ: "ಸಾರಿ ಮಾವಾ, ಡ್ಯೂಟಿ ಕಾಲ್ ಅರ್ಜೆಂಟ್ ಇತ್ತು, ಬೇಜಾರಾಗಿದ್ರೆ ಕ್ಷಮಿಸಿ." ಉತ್ತರ ಬಂತು, "ಅಡ್ಡಿಲ್ಲೆ." ಅಷ್ಟೇ. ಅಡ್ಡಿಲ್ಲ ಅಂದ್ರಲ್ಲ, ಮುಗೀತು ಅಂತ ನಾನು. ಮುಗಿದಿರ್ಲಿಲ್ಲ. ಮುಂಚೆ ವಾರಕ್ಕೊಂದು ಸಲ ನನ್ನ ನಂಬರಿಗೇ ಫೋನ್ ಮಾಡಿ ಮಳೆ, ಅಡಿಕೆ ರೇಟು ಅಂತ ಮಾತಾಡ್ತಿದ್ದವರು ಮೂರು ವಾರ ಮಗಳ ನಂಬರಿಗೆ ಮಾತ್ರ ಮಾಡಿದ್ರು. ಹಿರಿಯರು ಸಿಟ್ಟನ್ನ ಬಾಯಲ್ಲಿ ಹೇಳೋದು ಕಡಿಮೆ, ಫೋನು ಯಾರಿಗೆ ಬರ್ತದೆ, ಹೋದಾಗ ಮಾತಿಗೆ ಯಾರು ಕೂರ್ತಾರೆ, ಅದರಲ್ಲಿ ಗೊತ್ತಾಗ್ತದೆ.

ಈಗ ಹೇಳಿ, "ಏನು ಬರೀಲಿ" ಅನ್ನೋದಕ್ಕಿಂತ ಮುಂಚೆ ಕೇಳ್ಬೇಕಾಗಿದ್ದು ಯಾವುದು? "ಅಲ್ಲಿ ಏನು ಮುರೀತು?" ಅಂತ. ಇದನ್ನ ಯಾರೂ ನನ್ನ ಹತ್ರ ಕೇಳಲ್ಲ. ನಾನು ಕೇಳಿದ್ದು ಭಾವನ ಹತ್ರ, ಯಾಕಂದ್ರೆ ಅವತ್ತು ಬಡಿಸ್ತಿದ್ದವ ಅವನು, ಎಲ್ಲರ ಬಾಳೆ ನೋಡಿದವ. ಅವನು ಹೇಳಿದ್ದು ಇಷ್ಟು: ಪಂಕ್ತಿಲಿ ಕೈಯಲ್ಲಿ ನೀರು ಹಾಕ್ಕೊಂಡು ಪರಿಷೇಚನೆ ಮಾಡಿ ಒಟ್ಟಿಗೆ ಶುರು ಮಾಡಿದ ಊಟ ಒಟ್ಟಿಗೇ ಮುಗೀಬೇಕು, ನಡುವೆ ಒಬ್ಬ ಎದ್ರೆ ಹಳೇ ಪದ್ಧತಿ ಹಿಡಿದವರು ಮುಂದೆ ಉಣ್ಣಲ್ಲ. ಅಜ್ಜ ಅಂಥವರು. ಹಬ್ಬದ ದಿನ ಅವರು ಉಣ್ಣೋದು ಅದೊಂದೇ ಊಟ. ಆಮೇಲೆ ಇನ್ನೊಂದು ಮಾತು ಹೇಳಿದ, ಅದು ನನಗೆ ಇವತ್ತಿಗೂ ಚುಚ್ಚುತ್ತದೆ. ನನ್ನನ್ನ ಆ ಸಾಲಲ್ಲಿ ಕೂರಿಸೋದಕ್ಕೆ ನೆಂಟರಲ್ಲಿ ಕೆಲವರು ಗೊಣಗಿದ್ರಂತೆ, ಮಾವನೇ "ನನ್ನ ಅಳಿಯ, ನನ್ನ ಪಕ್ಕಕ್ಕೇ ಕೂರ್ತಾನೆ" ಅಂದಿದ್ರಂತೆ. ಅವರು ಎಲ್ಲರೆದುರು ಮಾತು ಕೊಟ್ಟು ಕೂರಿಸಿದ ಜಾಗದಿಂದ ನಾನು ಫೋನ್ ಹಿಡ್ಕೊಂಡು ಎದ್ದೆ. ಡ್ಯೂಟಿ ಕಾಲ್ ಅಂತ ಕ್ಷಮೆ ಕೇಳಿದ್ನಲ್ಲ ನಾನು, ಅಲ್ಲಿ ನೋವಾಗಿದ್ದಕ್ಕೂ ಅದಕ್ಕೂ ಸಂಬಂಧವೇ ಇರ್ಲಿಲ್ಲ.

ಆಮೇಲೆ ಪೇಪರ್ ತಗೊಂಡೆ. ಮಾವ ಕಾಗದ ಬರೆದು ಬೆಳೆದವರು, ಓದಿ ಮಡಚಿಟ್ಟು ಮತ್ತೊಂದು ಸಲ ತೆಗೆದು ಓದ್ತಾರೆ. ಮೊದಲು ಬರೆದಿದ್ದು ಎರಡು ಪುಟ. ಓದಿದ್ರೆ ಪೂರ್ತಿ ನನ್ನ ಪರ ವಕಾಲತ್ತು. ಹೊಡೆದು ಹಾಕ್ತಾ ಬಂದೆ. "ನಮ್ಮ ಮನೇಲಿ ಈ ಪದ್ಧತಿ ಇಲ್ಲ" ಹೋಯ್ತು, ಅದು ಅವರಿಗೆ ಗೊತ್ತು, ಬರೆದ್ರೆ ಎರಡು ಮನೆ ಹೋಲಿಸಿದ ಹಾಗೆ. "ಡ್ಯೂಟಿ ಕಾಲ್" ಹೋಯ್ತು, ಸತ್ಯವೇ, ಆದ್ರೆ ಅದನ್ನ ಬರೆದ ಕೂಡ್ಲೇ ಅಜ್ಜನ ಊಟಕ್ಕಿಂತ ನನ್ನ ಕೆಲಸ ದೊಡ್ಡದು ಅಂದ ಹಾಗಾಗ್ತದೆ. "ಬೇಜಾರಾಗಿದ್ರೆ" ಅನ್ನೋ "ದ್ರೆ" ಹೋಯ್ತು, ಬೇಜಾರಾಗಿದೆ, ಅದರಲ್ಲಿ ಅನುಮಾನ ಏನು? ಹೆಂಡತಿ ಹೆಸರು, ಭಾವನ ಹೆಸರು ತೆಗೆದೆ, ಮನೆ ಮಾತು ಹೊರಗೆ ಹಾಕಿದ್ರು ಅಂತ ಅವರಿಗೆ ಬೈಗುಳ ಬೀಳ್ಬಾರ್ದು. ಕೊನೆಗೆ ಉಳಿದಿದ್ದು ಇದು:

"ತೀರ್ಥರೂಪ ಸಮಾನರಾದ ಮಾವನವರಿಗೆ ಸಾಷ್ಟಾಂಗ ನಮಸ್ಕಾರಗಳು. ಪಾಡ್ಯದ ದಿನ ಪಂಕ್ತಿಯ ನಡುವೆ ನಾನು ಎದ್ದು ಹೋದೆ. ಅದರಿಂದ ಅಜ್ಜನೂ ನೀವೂ ಅರ್ಧ ಊಟಕ್ಕೇ ಏಳಬೇಕಾಯಿತು. ಹಬ್ಬದ ದಿನ ಅಜ್ಜ ಹಸಿದೇ ಇದ್ದರು ಎಂದು ನನಗೆ ತಿಳಿದದ್ದು ಮೊನ್ನೆ. ನೀವು ಎಲ್ಲರೆದುರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಿರಿ, ನಾನು ಆ ಜಾಗದ ಮರ್ಯಾದೆ ಉಳಿಸಲಿಲ್ಲ. ತಪ್ಪು ನನ್ನದು, ಕ್ಷಮಿಸಬೇಕು. ಅಜ್ಜನ ಹತ್ತಿರ ಈ ಮಾತನ್ನು ನಾನೇ ಬಂದು ಹೇಳಬೇಕು. ಯಾವತ್ತು ಬರಲಿ ಎಂದು ತಿಳಿಸಿ. ನಿಮ್ಮ ಆಶೀರ್ವಾದ ಬಯಸುವ..."

ಉಭಯ ಕುಶಲೋಪರಿ ಸಾಂಪ್ರತ ಅಂತೆಲ್ಲ ಹಾಕ್ಲಿಲ್ಲ, ಕುಶಲ ಇರ್ಲಿಲ್ವಲ್ಲ. "ಗೊತ್ತಿರಲಿಲ್ಲ" ಅಂತಾನೂ ಬರೀಲಿಲ್ಲ ನೋಡಿ. "ತಿಳಿದದ್ದು ಮೊನ್ನೆ" ಅನ್ನೋದ್ರಲ್ಲೇ ಅದು ಬಂತು. ಅತ್ತೆಗೆ ಬೇರೆ ಹಾಳೆ, ಅದೇ ಲಕೋಟೆಲಿ. ನಸುಕಿಗೆದ್ದು ಹೋಳಿಗೆ ಮಾಡಿದವರು ಅವರು, ಅವರ ನೋವು ಆ ಬಾಳೆ ಮೇಲೆ ಉಳಿದ ಹೋಳಿಗೆದು. ಮಾವನ ಕಾಗದದ ಅಡಿಗೆ "ಅತ್ತೆಯವರಿಗೂ ತಿಳಿಸಿ" ಅಂತ ಸೇರಿಸೋದು ನಂಗೆ ಸರಿ ಕಾಣ್ಲಿಲ್ಲ.

ಒಂದು ಮಾತು ಮಾತ್ರ ನೆನಪಿಡಿ. ನಾನು ಕ್ಷಮೆ ಕೇಳಿದ್ದು ನಾನು ಮಾಡಿದ ಒಂದು ಕೆಲಸಕ್ಕೆ. ನಾನು ಮೀನು ತಿನ್ನೋ ಮನೆಯವನು ಅನ್ನೋದೇ ಅವರಿಗೆ ಬೇಜಾರಾಗಿದ್ರೆ ಒಂದಕ್ಷರ ಬರೀತಿರ್ಲಿಲ್ಲ. ನೀವು ಯಾರು ಅನ್ನೋದಕ್ಕೇ ಸಿಟ್ಟಾದವರಿಗೆ ಕಾಗದ ಬರೆದು ಪ್ರಯೋಜನ ಇಲ್ಲ, ಅದು ನೀವು ಗಂಡ-ಹೆಂಡತಿ ಕೂತು ಮಾತಾಡ್ಬೇಕಾದ ವಿಷಯ.

ಕಾಗದ ಪೋಸ್ಟಿಗೆ ಹಾಕಿ ಐದನೇ ದಿನ ನನ್ನ ನಂಬರಿಗೆ ಮಾವನ ಫೋನ್ ಬಂತು. ಕಾಗದದ ಮಾತೇ ಇಲ್ಲ. "ರವಿವಾರ ಬಾ, ಊಟದ ಹೊತ್ತಿಗೇ ಬಾ." ದೇವಿಮನೆ ಘಟ್ಟ ಹತ್ತಿ ಹೋದ್ವಿ, ಮೊದಲು ಅಜ್ಜನ ಕಾಲಿಗೆ ಬಿದ್ದು ಹೇಳ್ಬೇಕಾದ್ದು ಹೇಳಿದೆ, ಅವರು ತಲೆ ಮೇಲೆ ಕೈ ಇಟ್ರು, ಮಾತಾಡ್ಲಿಲ್ಲ. ಫೋನು ಒಳಗೆ ಕಪಾಟಿನ ಮೇಲಿಟ್ಟು ಪಂಕ್ತಿಗೆ ಕೂತೆ, ಅದೇ ಜಾಗ. ಮಜ್ಜಿಗೆ ಅನ್ನ ಆಯ್ತು. ಅಜ್ಜ ಏಳ್ಲಿಲ್ಲ, ಬಗ್ಗಿ ಮಾವನ್ನ ದಾಟಿ ನನ್ನ ಬಾಳೆ ನೋಡಿದ್ರು. "ಆತಾ?" ಅಂದ್ರು.

"ಆತು ಅಜ್ಜ" ಅಂದೆ. ಆಮೇಲೆ ಎದ್ರು.