ಪಟ್ಟಿ ಕಬ್ಬಿಣದ ಪೋರ್ಟಲ್ ಫ್ರೇಮ್: ಲೆಕ್ಕ 1.93 ಅಂದಿತು, ಫ್ರೇಮ್ ಏನಂದಿತು?

ಮೊದಲ ವಾರ: ಪಟ್ಟಿಯ ತಾಕತ್ತು

ಶೆಡ್ಡುಗಳಲ್ಲಿ ಕಾಣುವ ಎರಡು ಕಂಬ, ಒಂದು ತೊಲೆಯ ಚೌಕಟ್ಟನ್ನು ಚಿಕ್ಕದಾಗಿ ಮಾಡಿ, ಮೇಲಿನಿಂದಲೂ ಪಕ್ಕದಿಂದಲೂ ಒಟ್ಟಿಗೆ ಭಾರ ಹಾಕಿ ಕೆಡವಬೇಕು, ಕೆಡವುವ ಮೊದಲೇ ಬೀಳುವ ಭಾರವನ್ನು ಕಾಗದದ ಮೇಲೆ ಬರೆದಿಡಬೇಕು ಅನ್ನುವುದು ನನ್ನ ಬಹುದಿನದ ಆಸೆ. ಗ್ರಿಲ್ ಕೆಲಸಕ್ಕೆ ಬಳಸುವ 20×5 ಮಿ.ಮೀ. ಪಟ್ಟಿ ತಂದೆ. ತೊಲೆಯ ಉದ್ದ 800 ಮಿ.ಮೀ., ಕಂಬದ ಎತ್ತರ 400 ಮಿ.ಮೀ., ಎರಡೂ ಬುಡ ಅಲುಗದಂತೆ ಬಿಗಿ.

ಇಡೀ ಲೆಕ್ಕ ನಿಂತಿರುವುದು ಒಂದೇ ಸಂಖ್ಯೆಯ ಮೇಲೆ: ಪಟ್ಟಿಯ ಪ್ಲಾಸ್ಟಿಕ್ ಮೊಮೆಂಟ್, ಅಂದರೆ Mp. ಬಾಗಿಸುವ ಮೊಮೆಂಟ್ ಇಷ್ಟಾದರೆ ಪಟ್ಟಿ ಇನ್ನು ತಡೆಯಲಾರದೆ ಬಾಗುತ್ತಲೇ ಹೋಗುತ್ತದೆ. ಉಕ್ಕಿನ ಯೀಲ್ಡ್ ಸ್ಟ್ರೆಸ್ 250 MPa ಅಂತ ಪುಸ್ತಕದಿಂದ ಎತ್ತಿಕೊಂಡರೆ Mp ಸುಮಾರು 31 ನ್ಯೂಟನ್ ಮೀಟರ್ ಬರುತ್ತದೆ. ಆದರೆ ಅಂಗಡಿಯ ಪಟ್ಟಿ ಪುಸ್ತಕ ಓದಿ ಬಂದಿರುವುದಿಲ್ಲ. ಹಾಗಾಗಿ ಅದೇ ಪಟ್ಟಿಯ ತುಂಡನ್ನು 400 ಮಿ.ಮೀ. ಅಂತರದ ಎರಡು ಆಸರೆಗಳ ಮೇಲಿಟ್ಟು ನಡುವೆ ಭಾರ ತೂಗುಹಾಕಿದೆ. 360 ನ್ಯೂಟನ್ ಹತ್ತಿರ, ಅಂದರೆ 36.7 ಕೆ.ಜಿ.ಗೆ, ಅದು ಭಾರ ಹೆಚ್ಚಿಸದೆಯೂ ಬಾಗುತ್ತಾ ಹೋಯಿತು. Mp = WL/4, ಹಾಗಾಗಿ 36 ನ್ಯೂಟನ್ ಮೀಟರ್. ಆಯತಾಕಾರದ ಪಟ್ಟಿಯಲ್ಲಿ ಯೀಲ್ಡ್ ಆಗುವುದು ಇದರ ಮೂರನೇ ಎರಡರಷ್ಟು ಮೊಮೆಂಟಿಗೇ ಶುರುವಾಗುತ್ತದೆ. ಆದ್ದರಿಂದ ಗ್ರಾಫ್ ಒಮ್ಮೆಗೇ ಮುರಿಯದೆ ಮೆಲ್ಲಗೆ ಬಾಗಿತು. ಆ 36 ಅನ್ನು ಒಂದೆರಡು ಅಂಕ ಹೆಚ್ಚು ಕಡಿಮೆ ಎಂದೇ ಓದಬೇಕು.

ಎರಡನೇ ವಾರ: ಮೂರು ಮೆಕ್ಯಾನಿಸಂ

ಮೂಲ ಭಾರ ಹೀಗೆ ಇಟ್ಟುಕೊಂಡೆ: ತೊಲೆಯ ನಡುವೆ ಕೆಳಕ್ಕೆ 160 ನ್ಯೂಟನ್, ಎಡ ಮೂಲೆಯಲ್ಲಿ ಬಲಕ್ಕೆ 120 ನ್ಯೂಟನ್. ಎರಡನ್ನೂ ಒಂದೇ ಪ್ರಮಾಣದಲ್ಲಿ λ ಪಟ್ಟು ಹೆಚ್ಚಿಸುತ್ತಾ ಹೋದರೆ ಯಾವ λಗೆ ಫ್ರೇಮ್ ಕುಸಿಯುತ್ತದೆ?

ಮೊಮೆಂಟ್ Mp ಮುಟ್ಟಿ ಪಟ್ಟಿ ಕೀಲಿನಂತೆ ತಿರುಗತೊಡಗುವ ಜಾಗವೇ ಹಿಂಜ್. ಅದು ಹುಟ್ಟಬಹುದಾದ ಜಾಗ ಐದು: ಎಡ ಬುಡ, ಎಡ ಮೂಲೆ, ತೊಲೆಯ ನಡು, ಬಲ ಮೂಲೆ, ಬಲ ಬುಡ. ಕುಸಿಯುವಾಗ ಭಾರಗಳು ಮಾಡುವ ಕೆಲಸ, ಹಿಂಜುಗಳು ತಿರುಗುವಾಗ ನುಂಗುವ ಕೆಲಸಕ್ಕೆ ಸಮ. ಕಂಬ θ ತಿರುಗಿದರೆ ಪಕ್ಕದ ಭಾರ 0.4θ ಸರಿಯುತ್ತದೆ. ಅರ್ಧ ತೊಲೆ θ ತಿರುಗಿದರೆ ಮೇಲಿನ ಭಾರ 0.4θ ಇಳಿಯುತ್ತದೆ. ಹಿಂಜುಗಳು ಸೇರಿ ಫ್ರೇಮ್ ಕುಸಿಯುವ ಒಂದೊಂದು ಬಗೆಯೇ ಒಂದು ಮೆಕ್ಯಾನಿಸಂ: ತೊಲೆ ಮಾತ್ರ ಕುಸಿಯುವುದು, ಇಡೀ ಫ್ರೇಮ್ ಪಕ್ಕಕ್ಕೆ ವಾಲುವ ಸ್ವೇ, ಎರಡೂ ಸೇರಿದ ಜೋಡಿ.

```
ತೊಲೆ:   λ × 64  = 4 Mp = 144    λ = 2.25
ಸ್ವೇ:    λ × 48  = 4 Mp = 144    λ = 3.00
ಜೋಡಿ:  λ × 112 = 6 Mp = 216    λ = 1.93
```

ಮೂರನೇ ಸಾಲಿನಲ್ಲಿ 6 ಹೇಗೆ ಬಂತು ಅನ್ನುವುದೇ ಇದರ ಜೀವಾಳ. ನಾನು ಮೊದಲು 4 ಮತ್ತು 4 ಕೂಡಿಸಿ 8 ಬರೆದೆ, λ 2.57 ಬಂತು. ತೊಲೆ ಒಂಟಿಯಾಗಿಯೇ 2.25ಕ್ಕೆ ಬೀಳುವಾಗ ಇದಕ್ಕೆ ಅರ್ಥವಿಲ್ಲ ಅಂತ ಆಗಲೇ ತಿಳಿಯಿತು. ಎಡ ಮೂಲೆಯನ್ನು ನೋಡಿ: ತೊಲೆ ಕುಸಿಯುವಾಗ ಆ ಮೂಲೆಯ ಒಳಕೋನ ಕಿರಿದಾಗುತ್ತದೆ. ಫ್ರೇಮ್ ಬಲಕ್ಕೆ ವಾಲುವಾಗ ಅದೇ ಕೋನ ಅಷ್ಟೇ ಅಗಲವಾಗುತ್ತದೆ. ಎರಡನ್ನೂ ಸೇರಿಸಿದರೆ ಎಡ ಮೂಲೆ ತಿರುಗುವುದೇ ಇಲ್ಲ. ಅಲ್ಲಿ ಹಿಂಜ್ ಬೇಡ, ಎರಡೂ ಲೆಕ್ಕದಿಂದ ಒಂದೊಂದು Mp ಕಳಚುತ್ತದೆ. ಹೀಗೆ ಬಿಡಿ ಮೆಕ್ಯಾನಿಸಂಗಳನ್ನು ಕೂಡಿಸಿ ಹಿಂಜುಗಳನ್ನು ಕಳೆಯುವ ದಾರಿಯನ್ನು 1950ರ ದಶಕದ ಆರಂಭದಲ್ಲಿ ನೀಲ್ ಮತ್ತು ಸೈಮಂಡ್ಸ್ ಹಾಕಿಕೊಟ್ಟರು. ಇಷ್ಟು ಸರಳವಾದ ಯೋಚನೆ ಇಷ್ಟು ದೂರ ಕೊಂಡೊಯ್ಯುವುದು ನನಗೆ ಈಗಲೂ ಖುಷಿ ಕೊಡುತ್ತದೆ.

ಆದರೆ ಮೆಕ್ಯಾನಿಸಂನಿಂದ ಬಂದ λ ಯಾವಾಗಲೂ ನಿಜಕ್ಕಿಂತ ಹೆಚ್ಚು ಅಥವಾ ಸಮ. ಇನ್ನೊಂದು ಮೆಕ್ಯಾನಿಸಂ ಕಣ್ತಪ್ಪಿರಬಹುದು. ಅದಕ್ಕೇ ಮೊಮೆಂಟ್ ತಾಳೆ ನೋಡಲೇಬೇಕು. λ 1.93 ಆದಾಗ ಪಕ್ಕದ ಭಾರ 231 ನ್ಯೂಟನ್, ಅದರ ಮೊಮೆಂಟ್ 92.6. ಕಂಬಗಳ ನಾಲ್ಕು ತುದಿಗಳ ಮೊಮೆಂಟ್ ಕೂಡಿ ಇಷ್ಟಾಗಬೇಕು. ಮೂರು ತುದಿಗಳಲ್ಲಿ 36 ಇದೆ, ಒಟ್ಟು 108. ಉಳಿದದ್ದು ಎಡ ಮೂಲೆ: ಅಲ್ಲಿ ವಿರುದ್ಧ ದಿಕ್ಕಿನಲ್ಲಿ 15.4. ಇದು 36ಕ್ಕಿಂತ ಕಡಿಮೆ, ಎಲ್ಲೂ Mp ಮೀರಿಲ್ಲ. ಹಾಗಾಗಿ 1.93 ಮೇಲಿನಿಂದಲೂ ಕೆಳಗಿನಿಂದಲೂ ಸರಿ. ಇದೇ ತಾಳೆಯನ್ನು ತೊಲೆಯ 2.25ಕ್ಕೆ ಮಾಡಿದೆ: ಎರಡೂ ಬುಡ ಸೇರಿ 108 ಹೊರಬೇಕಾಗುತ್ತದೆ, ಅವುಗಳ ಕೈಲಾಗುವುದು 72 ಮಾತ್ರ. ಅಲ್ಲಿಗೆ ಆ ಉತ್ತರ ಬಿದ್ದುಹೋಯಿತು.

ಮೂರನೇ ವಾರ: ಬುಡ ಕೈಕೊಟ್ಟಿತು

ವೆಲ್ಡಿಂಗ್ ಮಾಡಿಕೊಟ್ಟ ಅಣ್ಣ, "ಎಷ್ಟು ಭಾರ ತಡೀಬೇಕು ಸರ್ ಇದು?" ಅಂತ ಕೇಳಿದರು. ತಡೆಯೋದು ಬೇಡ, ಬೀಳಬೇಕು, ಆದರೆ ಬೆಸುಗೆ ಬಿಡಬಾರದು ಅಂದೆ. ಅವರು ಮೂಲೆಗಳಲ್ಲಿ ಎರಡೂ ಕಡೆ ನಿಧಾನವಾಗಿ ಬೆಸುಗೆ ಹಾಕಿಕೊಟ್ಟರು.

ಮೇಲಿನ ಭಾರಕ್ಕೆ ಮರಳಿನ ಬಕೆಟ್, ಪಕ್ಕದ ಭಾರಕ್ಕೆ ರಾಟೆಯ ಮೇಲೆ ಹಾಯ್ದ ಹಗ್ಗ ಮತ್ತು ಇನ್ನೊಂದು ಬಕೆಟ್. λ 0.1 ಏರಲು ಒಂದಕ್ಕೆ 1.63 ಕೆ.ಜಿ., ಇನ್ನೊಂದಕ್ಕೆ 1.22 ಕೆ.ಜಿ. ಮರಳು.

1.45ಕ್ಕೇ ಫ್ರೇಮ್ ವಾಲತೊಡಗಿತು. ತುಂಬ ಬೇಜಾರಾಯಿತು. ಬಿಚ್ಚಿ ನೋಡಿದರೆ ನಡುವೆ ಮತ್ತು ಬಲ ಮೂಲೆಯಲ್ಲಿ ಪಟ್ಟಿ ಚೆನ್ನಾಗಿ ಬಾಗಿದೆ, ಎರಡೂ ಬುಡದಲ್ಲಿ ಮಾತ್ರ ನೆಟ್ಟಗಿದೆ! ಬುಡದಲ್ಲಿ ಹಿಂಜ್ ಆಗಿಯೇ ಇಲ್ಲ, ತೆಳ್ಳಗಿನ ತಳದ ಪ್ಲೇಟೇ ಎದ್ದು ತಿರುಗಿದೆ. ಬುಡಕ್ಕೆ ಮೊಮೆಂಟ್ ಹಿಡಿಯುವ ಶಕ್ತಿ ಇಲ್ಲವೇ ಇಲ್ಲ ಅಂದುಕೊಂಡರೆ ಜೋಡಿ ಮೆಕ್ಯಾನಿಸಂನಲ್ಲಿ ಉಳಿಯುವುದು 4 Mp, λ 1.29. ನನ್ನ 1.45 ಅದಕ್ಕೂ 1.93ಕ್ಕೂ ನಡುವೆ ಇದೆ, ಅರೆಬಿಗಿ ಬುಡಕ್ಕೆ ತಕ್ಕಂತೆ. ನಿಜವಾದ ಶೆಡ್ಡಿನಲ್ಲೂ ಬುಡ ಬಿಗಿ ಅಂತ ಬರೆದುಕೊಂಡು ಎರಡೇ ಬೋಲ್ಟ್ ಹಾಕಿದರೆ ಆಗುವ ನಷ್ಟ ಇದೇ ಜಾತಿಯದು.

ಐದನೇ ವಾರ: ಎರಡನೇ ಫ್ರೇಮ್

12 ಮಿ.ಮೀ. ದಪ್ಪದ ಪ್ಲೇಟು, ಪ್ರತಿ ಬುಡಕ್ಕೆ ನಾಲ್ಕು ಬೋಲ್ಟು. 1.6ರವರೆಗೆ 0.1ರಂತೆ, ಆಮೇಲೆ 0.05ರಂತೆ ಏರಿಸಿದೆ. 1.80ರಲ್ಲಿ ಮೇಲ್ತುದಿ 35 ಮಿ.ಮೀ. ಬಲಕ್ಕೆ ಸರಿದಿತ್ತು. 1.85ರಲ್ಲಿ ನಿಲ್ಲಲೋ ಬೇಡವೋ ಅನ್ನುವಂತೆ ಮೆಲ್ಲಗೆ ಸರಿಯುತ್ತಲೇ ಇತ್ತು. 1.90ರ ಮರಳು ಸುರಿಯುತ್ತಿದ್ದಂತೆ ಬಕೆಟ್ ಕೆಳಗಿಟ್ಟಿದ್ದ ಇಟ್ಟಿಗೆಯ ಮೇಲೆ ಕೂತಿತು.

1.93 ಯಾಕೆ ಬರಲಿಲ್ಲ? ಮೇಲಿನ ಲೆಕ್ಕ ಫ್ರೇಮ್ ನೆಟ್ಟಗೇ ನಿಂತಿದೆ ಅಂತ ಭಾವಿಸುತ್ತದೆ. 35 ಮಿ.ಮೀ. ವಾಲಿದ ಮೇಲೆ ಮೇಲಿನ ಭಾರವೂ ವಾಲಿಸುವ ಕೆಲಸಕ್ಕೆ ಕೈಜೋಡಿಸುತ್ತದೆ. ಜೋಡಿ ಸಾಲಿನ ಎಡಗಡೆ 112 ಇದ್ದದ್ದು 160 × 0.035 ಸೇರಿ 117.6 ಆಗುತ್ತದೆ, λ 1.84ಕ್ಕೆ ಇಳಿಯುತ್ತದೆ. ಉಕ್ಕು ಬಾಗಿದಂತೆ ಸ್ವಲ್ಪ ಗಟ್ಟಿಯಾಗುವುದರಿಂದ ಇದಕ್ಕಿಂತ ತುಸು ಮೇಲೆ ಬಿದ್ದದ್ದು ಅಚ್ಚರಿಯಲ್ಲ. ಆದರೂ ಈ ಹೊಂದಿಕೆಯನ್ನು ನಾನು ಪೂರ್ತಿ ನಂಬುವುದಿಲ್ಲ, ರಾಟೆಯ ಘರ್ಷಣೆಯನ್ನು ಇನ್ನೂ ಅಳೆದಿಲ್ಲ.

ಭಾರ ಇಳಿಸಿ ಉಳಿದ ಬಾಗನ್ನು ಕೋನಮಾಪಕದಿಂದ ಅಳೆದೆ: ಎಡ ಬುಡ 7 ಡಿಗ್ರಿ, ನಡು 14, ಬಲ ಮೂಲೆ 15, ಬಲ ಬುಡ 8. ಲೆಕ್ಕ ಕೇಳಿದ್ದು θ, 2θ, 2θ, θ. ಆಮೇಲೆ ಎಡ ಮೂಲೆಗೆ ಮೂಲೆಮಟ್ಟ ಹಿಡಿದೆ. ವೆಲ್ಡ್ ಮಾಡಿದ ದಿನದಂತೆ ನೇರ 90, ಸಂದಿನಲ್ಲಿ ಒಂದು ಹಾಳೆ ತೂರಿಸಲೂ ಜಾಗವಿರಲಿಲ್ಲ.

ಮುಂದಿನ ಫ್ರೇಮಿಗೆ ಅದೇ ಪಟ್ಟಿಯ ಇನ್ನೊಂದು ಉದ್ದ ಕೊಯ್ದಿಟ್ಟಿದ್ದೇನೆ. ಮೇಲೆ 80, ಪಕ್ಕಕ್ಕೆ 200 ನ್ಯೂಟನ್ ಇಟ್ಟರೆ ಸ್ವೇ ಮೆಕ್ಯಾನಿಸಂ 1.80, ಜೋಡಿ 1.93. ಈ ಸಲ ಎಡ ಮೂಲೆಯೂ ಬಾಗಬೇಕು.